ಜ್ವರ ಬಂದವರು ಮನೆಯಲ್ಲೇ ಇರಿ: ಫ್ಲೂ ಸೂಚನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲೂ ಹರಡುವ ಕಾಲ ಬಂತೆಂದರೆ ನಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಒಂದು ಸಣ್ಣ ಸೂಚನೆ ಅಂಟಿಸುತ್ತೇವೆ. ಜ್ವರ, ಕೆಮ್ಮು, ಮೈಕೈ ನೋವು ಇದ್ದರೆ ಕೆಲಸಕ್ಕೆ ಬರಬೇಡಿ. ಜ್ವರದ ಮಾತ್ರೆ ನುಂಗದೆಯೇ ಪೂರ್ತಿ 24 ಗಂಟೆ ಜ್ವರವಿಲ್ಲದೆ ಕಳೆದ ಮೇಲೆ ಬನ್ನಿ ಎಂಬುದು ಅದರ ಸಾರ. ಸೂಚನೆಯಲ್ಲಿ ನಾಲ್ಕು ಸಾಲಿಗಿಂತ ಹೆಚ್ಚು ಬರೆಯಲು ಜಾಗವಿಲ್ಲ. ಆದರೆ ಅದನ್ನು ಓದಿದವರು ಕೇಳುವ ಪ್ರಶ್ನೆಗಳು ಬಹಳ, ಮತ್ತು ಅವು ನ್ಯಾಯವಾದ ಪ್ರಶ್ನೆಗಳೇ. ಸಿಬ್ಬಂದಿಯ ಆರೋಗ್ಯದ ಹೊಣೆ ಹೊತ್ತವಳಾಗಿ ಅವಕ್ಕೆ ಇಲ್ಲಿ ಬಿಡಿಸಿ ಉತ್ತರಿಸಿದ್ದೇನೆ.

ನನಗೆ ಬಂದಿರುವುದು ನೆಗಡಿಯೋ ಫ್ಲೂವೋ ಎಂದು ಹೇಗೆ ತಿಳಿಯಲಿ?

ಶುರುವಾದ ರೀತಿಯನ್ನು ನೆನಪಿಸಿಕೊಳ್ಳಿ. ನೆಗಡಿ ನಿಧಾನವಾಗಿ ಬರುತ್ತದೆ. ಮೊದಲ ದಿನ ಗಂಟಲು ಕೆರೆಯುತ್ತದೆ, ಮರುದಿನ ಸೀನು, ಆಮೇಲೆ ಮೂಗು ಸೋರುವುದು, ಕಟ್ಟುವುದು. ಹೀಗಿದ್ದರೂ ಮನುಷ್ಯ ಓಡಾಡಿಕೊಂಡೇ ಇರುತ್ತಾನೆ. ಫ್ಲೂ ಹಾಗಲ್ಲ. ಮಧ್ಯಾಹ್ನದವರೆಗೆ ಚೆನ್ನಾಗಿದ್ದವರಿಗೆ ಸಂಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಚಳಿ ಹಿಡಿಯುತ್ತದೆ, ಜ್ವರ ಏರುತ್ತದೆ, ಸೊಂಟ, ತೊಡೆ, ಕಣ್ಣಿನ ಹಿಂಭಾಗವೆಲ್ಲ ನೋಯಲು ತೊಡಗುತ್ತದೆ, ಎದ್ದು ನೀರು ಕುಡಿಯುವುದಕ್ಕೂ ಬೇಸರವಾಗುವಷ್ಟು ಸುಸ್ತು. ಒಣಕೆಮ್ಮು ಅದರ ಜೊತೆಗೇ ಬರುತ್ತದೆ. ಫ್ಲೂ ಬಂದವರಲ್ಲಿ ಬಹಳಷ್ಟು ಜನ ತಮಗೆ ಅದು ಶುರುವಾದ ಗಂಟೆಯನ್ನೇ ಹೇಳಬಲ್ಲರು. ನೆಗಡಿಯ ವಿಷಯದಲ್ಲಿ ಹಾಗೆ ಹೇಳುವವರು ಕಡಿಮೆ.

ಆದರೂ ಲಕ್ಷಣ ನೋಡಿ ಖಚಿತವಾಗಿ ಹೇಳಲಾಗದು. ಕೋವಿಡ್ ಕೂಡ ಇದೇ ವೇಷದಲ್ಲಿ ಬರುತ್ತದೆ. ಪರೀಕ್ಷೆಯಿಂದ ಮಾತ್ರ ನಿಜ ಗೊತ್ತಾಗುತ್ತದೆ. ಮನೆಯಲ್ಲಿರಬೇಕೇ ಬೇಡವೇ ಎಂದು ತೀರ್ಮಾನಿಸುವುದಕ್ಕೆ ಮಾತ್ರ ರೋಗದ ಹೆಸರು ಬೇಕಿಲ್ಲ. ಜ್ವರವಿದ್ದರೆ, ಅಥವಾ ಹಠಾತ್ತನೆ ಕೆಮ್ಮು ಮತ್ತು ಮೈಕೈ ನೋವು ಶುರುವಾಗಿದ್ದರೆ, ಹೆಸರು ಏನೇ ಇರಲಿ, ಮನೆಯಲ್ಲಿರಿ.

ಜ್ವರ ಎಂದು ಯಾವುದನ್ನು ಕರೆಯುತ್ತೀರಿ? ಮೈ ಸ್ವಲ್ಪ ಬೆಚ್ಚಗಿದ್ದರೆ?

ಥರ್ಮಾಮೀಟರ್ 100 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಅದನ್ನು ಜ್ವರ ಎಂದು ಲೆಕ್ಕ ಹಿಡಿಯುತ್ತೇವೆ. ಸೆಲ್ಸಿಯಸ್‌ನಲ್ಲಿ ಅದು 37.8. ಹಣೆಯ ಮೇಲೆ ಕೈಯಿಟ್ಟು ನೋಡುವುದು ಅಳತೆಯಲ್ಲ; ಚಳಿ ಹಿಡಿದಿರುವಾಗ ಚರ್ಮ ತಣ್ಣಗಿದ್ದು ಒಳಗೆ ಜ್ವರ ಏರುತ್ತಿರಬಹುದು. ಬಾಯಲ್ಲಿಟ್ಟು ನೋಡುವವರು ಬಿಸಿಯದೋ ತಣ್ಣನೆಯದೋ ಏನಾದರೂ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. ನಾಲಿಗೆಯ ಕೆಳಗೆ, ಹಿಂಬದಿಗೆ ಇಟ್ಟು ತುಟಿ ಮುಚ್ಚಿಕೊಳ್ಳಿ. ಇನ್ನೊಂದು ವಿಷಯ: ಮೈಯ ಉಷ್ಣತೆ ಬೆಳಗಿನ ಜಾವ ಕಡಿಮೆ ಇದ್ದು ಸಂಜೆಗೆ ಏರುತ್ತದೆ. ಆದ್ದರಿಂದ ಬೆಳಗ್ಗೆ ಒಂದು ಸಲ ನೋಡಿ ಜ್ವರ ಬಿಟ್ಟಿತು ಎಂದುಕೊಳ್ಳಬೇಡಿ, ಸಂಜೆಯೂ ನೋಡಿ.

ಬಾಗಿಲಲ್ಲಿ ಹಣೆಗೆ ಹಿಡಿಯುವ ಉಪಕರಣದ ಬಗ್ಗೆ ಹಲವರು ಕೇಳಿದ್ದಾರೆ. ಬಿಸಿಲಿನಿಂದ ಬಂದವರಿಗೆ ಅದು ಹೆಚ್ಚು ತೋರಿಸಬಹುದು, ಬೆವರಿದವರಿಗೆ ಕಡಿಮೆ ತೋರಿಸಬಹುದು. ಮಾತ್ರೆ ನುಂಗಿ ಬಂದವರನ್ನಂತೂ ಅದು ಹಿಡಿಯುವುದೇ ಇಲ್ಲ. ಅದನ್ನು ನಂಬಿಕೊಂಡು ಕೂರಬೇಡಿ.

ಮಾತ್ರೆ ನುಂಗಿದರೆ ಒಂದು ಗಂಟೆಯಲ್ಲಿ ಜ್ವರ ಇಳಿಯುತ್ತದೆ. ಇಳಿದ ಮೇಲೆ ಬಂದರೆ ತಪ್ಪೇನು?

ಈ ಪುಟವನ್ನು ಬರೆಯಲು ಕುಳಿತದ್ದೇ ಈ ಪ್ರಶ್ನೆಗಾಗಿ. ಕಾಯಿಲೆಯಲ್ಲೇ ಕಚೇರಿಗೆ ಬರುವ ಹೆಚ್ಚಿನವರು ಬೇಜವಾಬ್ದಾರಿಯಿಂದ ಬರುವುದಿಲ್ಲ. ಮಾತ್ರೆ ನುಂಗಿ, ಜ್ವರ ಇಳಿದದ್ದನ್ನು ಕಂಡು, ಗುಣವಾಯಿತೆಂದು ಪ್ರಾಮಾಣಿಕವಾಗಿ ನಂಬಿ ಬರುತ್ತಾರೆ.

ಜ್ವರವೆಂಬುದು ವೈರಾಣುವಿನ ವಿರುದ್ಧ ನಿಮ್ಮ ದೇಹವೇ ಏರಿಸಿಕೊಂಡ ಶಾಖ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಮಾಡುವ ಕೆಲಸ ಆ ಶಾಖವನ್ನು ಇಳಿಸುವುದು, ನೋವನ್ನು ತಗ್ಗಿಸುವುದು. ಗಂಟಲಲ್ಲಿ, ಮೂಗಿನಲ್ಲಿ, ಶ್ವಾಸನಾಳದಲ್ಲಿ ಬೆಳೆಯುತ್ತಿರುವ ವೈರಾಣುವಿಗೆ ಈ ಮಾತ್ರೆಗಳಿಂದ ಏನೂ ಆಗುವುದಿಲ್ಲ. ಪ್ಯಾರಾಸಿಟಮಾಲ್‌ನ ಪ್ರಭಾವ ಸುಮಾರು ನಾಲ್ಕರಿಂದ ಆರು ಗಂಟೆ, ಐಬುಪ್ರೊಫೆನ್‌ನದು ಆರರಿಂದ ಎಂಟು ಗಂಟೆ. ಅಷ್ಟು ಹೊತ್ತು ನಿಮಗೆ ಹಗುರವೆನಿಸುತ್ತದೆ. ಆ ಹಗುರವಾದ ಹೊತ್ತಿನಲ್ಲಿ ನೀವು ಬಸ್ ಹತ್ತುತ್ತೀರಿ, ಮೀಟಿಂಗ್‌ನಲ್ಲಿ ಕುಳಿತು ಮಾತಾಡುತ್ತೀರಿ, ಕೆಮ್ಮುತ್ತೀರಿ. ಉಸಿರಿನಲ್ಲಿ ವೈರಾಣು ಹೊರಬೀಳುತ್ತಲೇ ಇರುತ್ತದೆ. ಹಾಸಿಗೆ ಬಿಟ್ಟು ಏಳಲಾಗದೆ ಮಲಗಿರುವ ರೋಗಿಗಿಂತ ಮಾತ್ರೆಯ ಬಲದಲ್ಲಿ ಓಡಾಡುವ ರೋಗಿ ಹೆಚ್ಚು ಜನರಿಗೆ ಅಂಟಿಸುತ್ತಾನೆ, ಕಾರಣ ಅವನು ಹೆಚ್ಚು ಜನರನ್ನು ಭೇಟಿಯಾಗುತ್ತಾನೆ.

ಹೀಗೆಂದು ಮಾತ್ರೆ ನುಂಗಬೇಡಿ ಎಂದು ನಾನು ಹೇಳುತ್ತಿಲ್ಲ. ಮೈ ನೋವಿಗೆ, ಜ್ವರದ ಸಂಕಟಕ್ಕೆ ಮಾತ್ರೆ ಬೇಕೇ ಬೇಕು. ಮನೆಯಲ್ಲಿದ್ದು ನುಂಗಿ ಎಂಬುದಷ್ಟೇ ಮಾತು. ಪ್ಯಾರಾಸಿಟಮಾಲ್ ನುಂಗುವವರು ಒಂದು ಎಚ್ಚರ ಇಟ್ಟುಕೊಳ್ಳಿ: ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಹಲವು ಮಾತ್ರೆ, ಪುಡಿ, ಸಿರಪ್‌ಗಳಲ್ಲಿ ಅದೇ ಔಷಧ ಮೊದಲೇ ಬೆರೆತಿರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಗೊತ್ತಿಲ್ಲದೆಯೇ ಪ್ರಮಾಣ ಮೀರುತ್ತದೆ, ಅದರ ಹೊಡೆತ ಯಕೃತ್ತಿನ ಮೇಲೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೆ ಮತ್ತು ಮದ್ಯಪಾನದ ಅಭ್ಯಾಸ ಇರುವವರಿಗೆ ಮಿತಿ ಇದಕ್ಕಿಂತ ಕಡಿಮೆ. ಅವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಪೊಟ್ಟಣದ ಹಿಂಬದಿಯನ್ನು ಓದಿ.

ಆ 24 ಗಂಟೆಯನ್ನು ಎಲ್ಲಿಂದ ಎಣಿಸಬೇಕು?

ಮಾತ್ರೆಯ ಪ್ರಭಾವ ಪೂರ್ತಿ ಇಳಿದ ಮೇಲೂ ಜ್ವರವಿಲ್ಲ ಎಂದು ಥರ್ಮಾಮೀಟರ್ ಮೊದಲ ಸಲ ತೋರಿಸಿದ ಹೊತ್ತಿನಿಂದ. ಒಂದು ಉದಾಹರಣೆ ಹಿಡಿದು ನೋಡೋಣ.

ಒಬ್ಬ ಸಹೋದ್ಯೋಗಿಗೆ ಮಂಗಳವಾರ ಸಂಜೆ ಆರಕ್ಕೆ ಕಚೇರಿಯಿಂದ ಹೊರಡುವಾಗ ಚಳಿ ಶುರುವಾಯಿತು ಎಂದಿಟ್ಟುಕೊಳ್ಳಿ. ರಾತ್ರಿ 102 ಜ್ವರ. ಬುಧವಾರ ಇಡೀ ದಿನ ಮಲಗಿದ್ದರು, ಆರು ಗಂಟೆಗೊಮ್ಮೆ ಮಾತ್ರೆ. ಗುರುವಾರ ಬೆಳಗ್ಗೆ ಏಳಕ್ಕೆ ಮತ್ತೊಂದು ಮಾತ್ರೆ ನುಂಗಿದರು. ಎಂಟೂವರೆಗೆ ನೋಡಿದರೆ 98.6. ಮೈ ಹಗುರವಾಗಿದೆ, ಹಸಿವೂ ಆಗುತ್ತಿದೆ. ಈಗ ಅವರ ಮುಂದೆ ಎರಡು ದಾರಿ.

ಅವರು ಹೊರಟು ಬಂದರು ಎನ್ನಿ. ಹತ್ತಕ್ಕೆ ಮೇಜಿನ ಮುಂದೆ, ಹನ್ನೊಂದಕ್ಕೆ ಎಂಟು ಜನರ ಜೊತೆ ಮುಚ್ಚಿದ ಕೋಣೆಯಲ್ಲಿ ಮೀಟಿಂಗ್. ಹನ್ನೆರಡರ ಹೊತ್ತಿಗೆ ಮಾತ್ರೆಯ ಬಲ ಇಳಿಯಿತು, ಮತ್ತೆ ಚಳಿ, ಮತ್ತೆ ಜ್ವರ. ಫ್ಲೂ ಬಂದವರು ಅತಿ ಹೆಚ್ಚು ಅಂಟಿಸುವುದು ಕಾಯಿಲೆಯ ಮೊದಲ ಮೂರು ದಿನಗಳಲ್ಲಿ. ಗುರುವಾರ ಮಧ್ಯಾಹ್ನಕ್ಕೆ ಅವರಿಗೆ ಎರಡು ದಿನವೂ ತುಂಬಿರಲಿಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಯಾರಿಗಾದರೂ ಶನಿವಾರದ ಹೊತ್ತಿಗೆ ಚಳಿ ಹಿಡಿದರೆ ಆಶ್ಚರ್ಯವಿಲ್ಲ.

ಇನ್ನೊಂದು ದಾರಿಯಲ್ಲಿ ಅವರು ಮನೆಯಲ್ಲೇ ಉಳಿದರು. ಗುರುವಾರ ಮಧ್ಯಾಹ್ನ ಜ್ವರ ಮತ್ತೆ ಬಂತು, ರಾತ್ರಿ ಒಂಬತ್ತಕ್ಕೆ ಕೊನೆಯ ಮಾತ್ರೆ. ಶುಕ್ರವಾರ ಬೆಳಗ್ಗೆ ಏಳಕ್ಕೆ ನೋಡಿದರೆ 98.8. ಮಾತ್ರೆ ನುಂಗಿ ಹತ್ತು ಗಂಟೆ ಆಗಿರುವುದರಿಂದ ಈ ಅಂಕಿ ಮಾತ್ರೆಯದಲ್ಲ, ಅವರದೇ. ಎಣಿಕೆ ಇಲ್ಲಿಂದ ಶುರು. ಸಂಜೆ ಐದಕ್ಕೆ 99.1. ಸಂಜೆಯ ಏರಿಕೆಯನ್ನು ಗಮನಿಸಿದರೆ ಇದು ಸಹಜ, 100 ಮುಟ್ಟಿಲ್ಲ. ಕೆಮ್ಮು ಇದೆ, ಆದರೆ ಹಿಂದಿನ ದಿನಕ್ಕಿಂತ ಕಡಿಮೆ. ಶನಿವಾರ ಬೆಳಗ್ಗೆ ಏಳಕ್ಕೆ 98.4. ಈಗ 24 ಗಂಟೆ ತುಂಬಿತು. ಶನಿವಾರ ಕೆಲಸವಿದ್ದರೆ ಶನಿವಾರ, ಇಲ್ಲದಿದ್ದರೆ ಸೋಮವಾರ ಬರಬಹುದು.

ಶುಕ್ರವಾರ ಸಂಜೆ 100.2 ತೋರಿಸಿದ್ದರೆ? ಎಣಿಕೆ ಅಲ್ಲಿಗೆ ರದ್ದು. ಜ್ವರ ಮತ್ತೆ ಬಿಟ್ಟ ಹೊತ್ತಿನಿಂದ ಹೊಸದಾಗಿ ಎಣಿಸಬೇಕು. ತಲೆನೋವಿಗೆಂದು ನಡುವೆ ಒಂದು ಪ್ಯಾರಾಸಿಟಮಾಲ್ ನುಂಗಿದ್ದರೂ ಅದೇ ಲೆಕ್ಕ, ಏಕೆಂದರೆ ಆಮೇಲಿನ ಅಂಕಿಗಳನ್ನು ನಂಬುವಂತಿಲ್ಲ. ಒಂದು ಚೀಟಿಯಲ್ಲಿ ಮಾತ್ರೆ ನುಂಗಿದ ಹೊತ್ತನ್ನೂ ಜ್ವರದ ಅಂಕಿಯನ್ನೂ ಬರೆದಿಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಕಾಯಿಲೆಯಲ್ಲಿ ಮಲಗಿದವರಿಗೆ ಯಾವ ಮಾತ್ರೆ ಯಾವಾಗ ನುಂಗಿದ್ದೆಂಬುದು ನೆನಪಿರುವುದಿಲ್ಲ.

ಗಮನಿಸಿ, ನಿಯಮಕ್ಕೆ ಎರಡು ಕಾಲುಗಳಿವೆ. ಜ್ವರ ಇಲ್ಲದಿರುವುದು ಒಂದು, ಉಳಿದ ಲಕ್ಷಣಗಳು ಒಟ್ಟಾರೆ ಇಳಿಮುಖವಾಗಿರುವುದು ಇನ್ನೊಂದು. ಜ್ವರ ಬಿಟ್ಟಿದ್ದರೂ ಕೆಮ್ಮು ದಿನದಿಂದ ದಿನಕ್ಕೆ ಜೋರಾಗುತ್ತಿದ್ದರೆ ಬರಬೇಡಿ, ವೈದ್ಯರಿಗೆ ತೋರಿಸಿ.

ನನಗೆ ಜ್ವರವೇ ಬಂದಿಲ್ಲ, ಕೆಮ್ಮು ಮತ್ತು ಸುಸ್ತು ಮಾತ್ರ. ಬರಬಹುದೇ?

ಫ್ಲೂ ಬಂದವರೆಲ್ಲರಿಗೂ ಜ್ವರ ಬರುವುದಿಲ್ಲ. ವಯಸ್ಸಾದವರಲ್ಲಿ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಹೆಚ್ಚು. ಹೊಸದಾಗಿ ಶುರುವಾದ ಕೆಮ್ಮು, ಗಂಟಲು ನೋವು, ಮೈಕೈ ನೋವು, ಸುಸ್ತು ಒಟ್ಟಿಗೆ ಬಂದಿದ್ದರೆ ಜ್ವರವಿಲ್ಲದಿದ್ದರೂ ಮನೆಯಲ್ಲಿರಿ. ಇವು ಕಡಿಮೆಯಾಗುತ್ತಾ ಬಂದು ಒಂದು ದಿನ ಕಳೆದ ಮೇಲೆ ಬನ್ನಿ. ಹಲವು ವರ್ಷಗಳಿಂದ ಇರುವ ಅಲರ್ಜಿಯ ಸೀನು, ಅಸ್ತಮಾದ ಹಳೆಯ ಕೆಮ್ಮು ಇದರಲ್ಲಿ ಸೇರುವುದಿಲ್ಲ. ಅದು ನಿಮಗೇ ಗೊತ್ತಿರುತ್ತದೆ.

ಮರಳಿ ಬಂದ ಮೇಲೆ ಎಲ್ಲ ಎಂದಿನಂತೆಯೇ?

ಇಲ್ಲ. ಜ್ವರ ಬಿಟ್ಟರೂ ವೈರಾಣು ಅಲ್ಪ ಪ್ರಮಾಣದಲ್ಲಿ ಹೊರಬೀಳುತ್ತಿರುತ್ತದೆ. ಸಾಮಾನ್ಯವಾಗಿ ಕಾಯಿಲೆ ಶುರುವಾಗಿ ಐದರಿಂದ ಏಳು ದಿನಗಳವರೆಗೆ ಅಂಟುವ ಸಾಧ್ಯತೆ ಇರುತ್ತದೆ. ಆದ್ದರಿಂದ ಬಂದ ಮೇಲೆ ಐದು ದಿನ ಮಾಸ್ಕ್ ಧರಿಸಿ, ಮುಖಾಮುಖಿ ಕುಳಿತು ಮಾಡುವ ಕೆಲಸವನ್ನು ಸಾಧ್ಯವಾದಷ್ಟು ದೂರವಾಣಿಯಲ್ಲಿ ಮುಗಿಸಿ, ಊಟಕ್ಕೆ ಕೂರುವಾಗ ಬೇರೆಯವರಿಂದ ಸ್ವಲ್ಪ ದೂರ ಇರಿ. ಮೇಲಿನ ಉದಾಹರಣೆಯವರು ಶನಿವಾರ ಬಂದರೆ ಬುಧವಾರದವರೆಗೆ ಹೀಗೆ. ಮಾಸ್ಕ್ ಮೂಗನ್ನೂ ಮುಚ್ಚಿರಬೇಕು. ಗಲ್ಲದ ಮೇಲೆ ಇಳಿಸಿಕೊಂಡು ಮಾತಾಡಿದರೆ ಹಾಕಿಕೊಳ್ಳದಿದ್ದಂತೆಯೇ.

ಕೆಮ್ಮು ಮಾತ್ರ ಎರಡು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಅದು ಪೂರ್ತಿ ಹೋಗುವವರೆಗೆ ಮನೆಯಲ್ಲಿರಿ ಎಂದು ಯಾರೂ ಕೇಳುವುದಿಲ್ಲ. ಹಾಗೆ ಉಳಿದ ಕೆಮ್ಮು ಇರುವವರನ್ನು ಓರೆಗಣ್ಣಿನಿಂದ ನೋಡಬೇಡಿ ಎಂದು ಉಳಿದವರಲ್ಲಿ ನನ್ನ ಕೋರಿಕೆ.

ನಿನ್ನೆ ಇಡೀ ದಿನ ನನ್ನ ಪಕ್ಕ ಕುಳಿತಿದ್ದವರಿಗೆ ಇಂದು ಫ್ಲೂ ಎಂದು ತಿಳಿಯಿತು. ನಾನೂ ಮನೆಯಲ್ಲಿರಬೇಕೇ?

ಲಕ್ಷಣವಿಲ್ಲದಿದ್ದರೆ ಕೆಲಸಕ್ಕೆ ಬನ್ನಿ, ಆದರೆ ಮೈಮೇಲೆ ನಿಗಾ ಇರಲಿ. ಲಕ್ಷಣ ಕಾಣಿಸುವುದಕ್ಕೆ ಒಂದು ದಿನ ಮುಂಚೆಯೇ ಫ್ಲೂ ಅಂಟತೊಡಗುತ್ತದೆ. ಅಂದರೆ ಮಂಗಳವಾರ ಸಂಜೆ ಚಳಿ ಹಿಡಿದವರಿಂದ ಸೋಮವಾರ ಸಂಜೆಯಿಂದಲೇ ಸೋಂಕು ಹರಡುತ್ತಿದ್ದಿರಬಹುದು. ಮಂಗಳವಾರ ಅವರು ಕಚೇರಿಯಲ್ಲೇ ಇದ್ದರಲ್ಲವೇ? ಅದು ಅವರ ತಪ್ಪಲ್ಲ, ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಸೋಂಕು ತಗುಲಿದವರಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಒಂದರಿಂದ ನಾಲ್ಕು ದಿನ ಬೇಕು, ಹೆಚ್ಚಿನವರಲ್ಲಿ ಎರಡು ದಿನ. ಮಂಗಳವಾರ ಪಕ್ಕದಲ್ಲಿದ್ದವರು ಶನಿವಾರದವರೆಗೆ ಬೆಳಗ್ಗೆ ಹೊರಡುವ ಮುನ್ನ ಒಮ್ಮೆ, ಸಂಜೆ ಒಮ್ಮೆ ಜ್ವರ ನೋಡಿಕೊಳ್ಳಲಿ. ಆ ದಿನಗಳಲ್ಲಿ ಮಾಸ್ಕ್ ಧರಿಸಿದರೆ ಇನ್ನೂ ಒಳ್ಳೆಯದು. ಕೆಲಸದ ನಡುವೆ ಚಳಿ ಅನ್ನಿಸಿದರೆ ದಿನ ಮುಗಿಯಲಿ ಎಂದು ಕಾಯದೆ, ಮಾಸ್ಕ್ ಹಾಕಿಕೊಂಡು ಹೊರಟುಬಿಡಿ.

ಗರ್ಭಿಣಿಯರು, ಇತ್ತೀಚೆಗಷ್ಟೇ ಹೆರಿಗೆಯಾದವರು, 65 ದಾಟಿದವರು, ಅಸ್ತಮಾ, ಮಧುಮೇಹ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಇಷ್ಟಕ್ಕೆ ಸುಮ್ಮನಿರಬಾರದು. ಫ್ಲೂ ಇವರಲ್ಲಿ ಬೇಗ ನ್ಯುಮೋನಿಯಾಕ್ಕೆ ತಿರುಗಬಹುದು. ಪಕ್ಕದವರಿಗೆ ಫ್ಲೂ ಎಂದು ತಿಳಿದ ದಿನವೇ ವೈದ್ಯರಿಗೆ ಫೋನ್ ಮಾಡಿ ಕೇಳಿ.

ಮನೆಯಲ್ಲಿ ಮಗುವಿಗೆ ಜ್ವರ, ನಾನು ಚೆನ್ನಾಗಿದ್ದೇನೆ. ಬರಲೇ?

ಮಗುವನ್ನು ನೋಡಿಕೊಳ್ಳಲು ಬೇರೆಯವರಿದ್ದರೆ ಬರಬಹುದು. ಮೇಲೆ ಹೇಳಿದ ಎಚ್ಚರಗಳೆಲ್ಲ ನಿಮಗೂ ಅನ್ವಯ. ಒಂದು ವಿಷಯ ಇಲ್ಲಿ ಹೇಳಲೇಬೇಕು: ಜ್ವರ ಬಂದ ಮಕ್ಕಳಿಗೂ ಹದಿಹರೆಯದವರಿಗೂ ಆಸ್ಪಿರಿನ್ ಕೊಡಬೇಡಿ. ಫ್ಲೂ ಇರುವಾಗ ಅದನ್ನು ಕೊಟ್ಟರೆ ಮಿದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೈ ಸಿಂಡ್ರೋಮ್ ಎಂಬ ಅಪರೂಪದ ಆದರೆ ಭಯಂಕರವಾದ ತೊಂದರೆ ಬರಬಹುದು.

ಕೈ ತೊಳೆಯಿರಿ ಎಂದು ಎಷ್ಟು ಸಲ ಹೇಳುತ್ತೀರಿ? ಫ್ಲೂ ಗಾಳಿಯಲ್ಲಿ ಬರುವುದಲ್ಲವೇ?

ಹೆಚ್ಚಾಗಿ ಕೆಮ್ಮು, ಸೀನು, ಮಾತಿನ ಜೊತೆ ಹೊರಬೀಳುವ ಹನಿಗಳಿಂದಲೇ ಬರುತ್ತದೆ, ನಿಜ. ಆದರೆ ಆ ಹನಿಗಳು ಬಿದ್ದ ಜಾಗವನ್ನು ಮುಟ್ಟಿದ ಕೈ ಕಣ್ಣಿಗೆ, ಮೂಗಿಗೆ, ಬಾಯಿಗೆ ಹೋದಾಗಲೂ ಬರಬಹುದು. ಹತ್ತು ನಿಮಿಷ ನಿಮ್ಮ ಕೈಯನ್ನೇ ಗಮನಿಸಿ ನೋಡಿ: ಕನ್ನಡಕ ಸರಿಪಡಿಸಲು ಒಮ್ಮೆ, ಗಲ್ಲಕ್ಕೆ ಆನಿಸಿಕೊಳ್ಳಲು ಒಮ್ಮೆ, ಮೂಗಿನ ತುದಿ ಉಜ್ಜಲು ಒಮ್ಮೆ ಅದು ಮುಖದ ಕಡೆಗೆ ಹೋಗಿಯೇ ಹೋಗುತ್ತದೆ. ಈ ಅಭ್ಯಾಸವನ್ನು ಪೂರ್ತಿ ಬಿಡುವುದು ಕಷ್ಟ. ಕೈಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದು ಸುಲಭ.

ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಜನ ಅಂಗೈಯನ್ನೇ ಉಜ್ಜಿ ಮುಗಿಸುತ್ತಾರೆ. ಬಿಟ್ಟುಹೋಗುವುದು ಹೆಬ್ಬೆರಳು, ಬೆರಳ ತುದಿಗಳು ಮತ್ತು ಬೆರಳುಗಳ ಸಂದು. ಮುಖ ಮುಟ್ಟುವುದು ಮಾತ್ರ ಆ ತುದಿಗಳೇ. ತೊಳೆದ ಮೇಲೆ ಒರೆಸಿಕೊಂಡು ಒಣಗಿಸಿ. ಎಲ್ಲ ಹೊತ್ತಿನಲ್ಲೂ ಸಾಧ್ಯವಾಗದಿದ್ದರೆ ಎರಡು ಹೊತ್ತನ್ನು ಬಿಡಬೇಡಿ: ಊಟ ತಿಂಡಿಗೆ ಮುನ್ನ, ಮತ್ತು ಮೂಗು ಒರೆಸಿಕೊಂಡ ಅಥವಾ ಕೆಮ್ಮಿದ ಮೇಲೆ. ನೀರು ಹತ್ತಿರವಿಲ್ಲದಿದ್ದರೆ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಸಾಕು. ಅದು ತಾನಾಗಿ ಒಣಗುವವರೆಗೆ ಉಜ್ಜಿಕೊಳ್ಳಿ, ಬಟ್ಟೆಗೆ ಒರೆಸಿಕೊಳ್ಳಬೇಡಿ.

ಕೆಮ್ಮು ಬಂದಾಗ ಟಿಶ್ಯೂ ಹಿಡಿಯಿರಿ, ಅದು ಕೈಗೆ ಸಿಗದಿದ್ದರೆ ಮೊಣಕೈಯ ಮಡಿಕೆಗೆ ಕೆಮ್ಮಿ. ಅಂಗೈಗೆ ಕೆಮ್ಮಿದರೆ ಅದು ಮುಂದಿನ ಬಾಗಿಲ ಹಿಡಿಗೆ ಹೋಗುತ್ತದೆ.

ಮೀಟಿಂಗ್ ಕೋಣೆಯಲ್ಲಿ ಎಸಿ ಇದೆಯಲ್ಲ, ಗಾಳಿ ಶುದ್ಧವಾಗಿರುವುದಿಲ್ಲವೇ?

ಗೋಡೆಯ ಮೇಲೆ ಕೂರಿಸುವ ಸಾಮಾನ್ಯ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಕೋಣೆ ತಂಪಾಗುತ್ತದೆ, ಗಾಳಿ ಹೊಸದಾಗುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಎಂಟು ಜನ ಒಂದು ಗಂಟೆ ಮಾತಾಡಿದರೆ ಎಲ್ಲರೂ ಎಲ್ಲರ ಉಸಿರನ್ನು ಹಂಚಿಕೊಂಡಿರುತ್ತಾರೆ.

ಫ್ಲೂ ಕಾಲದಲ್ಲಿ ಕಿಟಕಿಯನ್ನು ಒಂದಿಷ್ಟಾದರೂ ತೆರೆದಿಡಿ. ಕಿಟಕಿಯೂ ಅದರ ಎದುರಿನ ಬಾಗಿಲೂ ತೆರೆದಿದ್ದರೆ ಗಾಳಿ ಹಾದುಹೋಗುತ್ತದೆ; ಒಂದೇ ತೆರೆದಿದ್ದರೆ ಅಷ್ಟಾಗಿ ಹಾಯುವುದಿಲ್ಲ. ಗಾಳಿ ಹೊರಗೆ ಎಳೆಯುವ ಫ್ಯಾನ್ ಇದ್ದರೆ ಮೀಟಿಂಗ್ ನಡೆಯುವಷ್ಟು ಹೊತ್ತೂ ಓಡಲಿ. ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗುವ ಮುನ್ನ ಹತ್ತು ಹದಿನೈದು ನಿಮಿಷ ಬಾಗಿಲು ತೆರೆದಿಡಿ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಈ ಕಾಲದಲ್ಲಿ ದೊಡ್ಡ ಮೀಟಿಂಗ್ ಬೇಡವೆಂದೇ ನನ್ನ ಅಭಿಪ್ರಾಯ.

ಮೇಜು, ಕೀಬೋರ್ಡ್ ದಿನವೂ ಒರೆಸಬೇಕೇ?

ನಿಮ್ಮೊಬ್ಬರದೇ ಮೇಜಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಹಲವರು ಮುಟ್ಟುವ ಜಾಗಗಳು ಮುಖ್ಯ: ಬಾಗಿಲ ಹಿಡಿ, ಲಿಫ್ಟಿನ ಗುಂಡಿ, ನೀರಿನ ನಲ್ಲಿ, ಮುದ್ರಣ ಯಂತ್ರದ ಗುಂಡಿ, ಪಾಳಿಯಲ್ಲಿ ಬಳಸುವ ಕೀಬೋರ್ಡ್. ನುಣುಪಾದ ಗಟ್ಟಿ ಮೇಲ್ಮೈಯಲ್ಲಿ ಫ್ಲೂ ವೈರಾಣು 24ರಿಂದ 48 ಗಂಟೆಯವರೆಗೂ ಬದುಕಿರಬಲ್ಲದು. ಮೊದಲು ಸೋಪಿನ ನೀರಿನಿಂದ ಕೊಳೆ ತೆಗೆದು, ಆಮೇಲೆ ಸೋಂಕುನಾಶಕ ಹಚ್ಚಬೇಕು. ಸಿಂಪಡಿಸಿದ ತಕ್ಷಣ ಒರೆಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಬಾಟಲಿಯ ಮೇಲೆ ಬರೆದಿರುವಷ್ಟು ನಿಮಿಷ ಆ ಜಾಗ ಒದ್ದೆಯಾಗಿಯೇ ಇರಬೇಕು. ಬ್ಲೀಚಿನ ಜೊತೆ ಬೇರೆ ಯಾವ ಶುಚಿಕಾರಕವನ್ನೂ ಬೆರೆಸಬೇಡಿ, ವಿಷದ ಹೊಗೆ ಏಳುತ್ತದೆ.

ಹೋದ ವರ್ಷ ಲಸಿಕೆ ಹಾಕಿಸಿಕೊಂಡಿದ್ದೆ, ಮತ್ತೆ ಬೇಕೇ? ಹಾಕಿಸಿಕೊಂಡ ದಿನ ಜ್ವರ ಬಂದಿತ್ತು.

ಬೇಕು. ಫ್ಲೂ ವೈರಾಣು ತನ್ನ ಮೇಲ್ಮೈಯನ್ನು ಬದಲಿಸುತ್ತಲೇ ಇರುತ್ತದೆ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಉತ್ತರ ಗೋಳಾರ್ಧಕ್ಕೊಮ್ಮೆ, ದಕ್ಷಿಣ ಗೋಳಾರ್ಧಕ್ಕೊಮ್ಮೆ, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಶಿಫಾರಸು ಮಾಡುತ್ತದೆ. ಜೊತೆಗೆ ಹಳೆಯ ಲಸಿಕೆಯ ರಕ್ಷಣೆಯೂ ತಿಂಗಳು ಕಳೆದಂತೆ ತಗ್ಗುತ್ತದೆ. ಹಾಕಿಸಿಕೊಂಡ ಮೇಲೆ ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಬೇಕು, ಆದ್ದರಿಂದ ಕಚೇರಿಯಲ್ಲಿ ಕೆಮ್ಮು ಕೇಳಿಸುವ ಮುನ್ನವೇ ಹಾಕಿಸಿಕೊಳ್ಳಿ.

ತೋಳಿಗೆ ಚುಚ್ಚುವ ಫ್ಲೂ ಲಸಿಕೆಯಲ್ಲಿ ಬದುಕಿರುವ ವೈರಾಣು ಇರುವುದಿಲ್ಲ, ಅದರಿಂದ ಫ್ಲೂ ಬರುವ ಪ್ರಶ್ನೆಯೇ ಇಲ್ಲ. ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಬರಬಹುದು. ಅದು ದೇಹ ಲಸಿಕೆಗೆ ಸ್ಪಂದಿಸುತ್ತಿರುವ ಗುರುತು. ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು ಎಂಬುದನ್ನು ಮುಚ್ಚಿಡುವುದಿಲ್ಲ. ತಳಿಗಳು ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಅದು ವೈದ್ಯರ ಬಳಿ ಹೋಗುವಂಥ ಫ್ಲೂವಿನ ಅಪಾಯವನ್ನು ಸುಮಾರು 40ರಿಂದ 60 ಶೇಕಡಾ ತಗ್ಗಿಸುತ್ತದೆ, ಬಂದರೂ ಆಸ್ಪತ್ರೆ ಸೇರುವಷ್ಟು ಬಿಗಡಾಯಿಸುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಲಸಿಕೆ ಹಾಕಿಸಿಕೊಂಡವರಿಗೂ 24 ಗಂಟೆಯ ನಿಯಮ ಇದ್ದೇ ಇದೆ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಆರೋಗ್ಯವಂತರಿಗೆ ವಿಶ್ರಾಂತಿ, ಸಾಕಷ್ಟು ನೀರು, ಜ್ವರದ ಮಾತ್ರೆ ಸಾಮಾನ್ಯವಾಗಿ ಸಾಕಾಗುತ್ತದೆ. ಅಪಾಯ ಹೆಚ್ಚಿರುವವರ ಪಟ್ಟಿ ಮೇಲೆ ಕೊಟ್ಟಿದ್ದೇನೆ. ಅವರು ಲಕ್ಷಣ ಶುರುವಾದ ದಿನವೇ ಹೋಗಬೇಕು. ಒಸೆಲ್ಟಾಮಿವಿರ್‌ನಂತಹ ವೈರಾಣು ತಡೆಯುವ ಔಷಧಗಳು ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲ ಕೊಡುತ್ತವೆ, ಅವನ್ನು ವೈದ್ಯರೇ ಬರೆದುಕೊಡಬೇಕು. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಹುಡುಕಿ ನುಂಗಬೇಡಿ. ಅದು ಬ್ಯಾಕ್ಟೀರಿಯಾಕ್ಕೆ ಮದ್ದು, ಫ್ಲೂ ವೈರಾಣುವಿಗೆ ನಾಟುವುದಿಲ್ಲ.

ಉಸಿರಾಟ ಕಷ್ಟವಾದರೆ, ಎದೆನೋವು ಬಿಡದಿದ್ದರೆ, ಮಾತು ತಡವರಿಸಿ ಗಲಿಬಿಲಿಯಾದರೆ, ಮೂತ್ರ ಬಾರದಿದ್ದರೆ, ಏಳಲಾಗದಷ್ಟು ನಿಶ್ಶಕ್ತಿಯಾದರೆ, ಸೆಳೆತ ಬಂದರೆ ತಡಮಾಡದೆ ಆಸ್ಪತ್ರೆಗೆ. ಜನ ಕಡೆಗಣಿಸುವ ಇನ್ನೊಂದು ಸೂಚನೆ ಇದೆ. ಫ್ಲೂ ಇಳಿದು ಚೇತರಿಸಿಕೊಳ್ಳುತ್ತಿರುವಾಗ ಜ್ವರ ಮತ್ತು ಕೆಮ್ಮು ಮೊದಲಿಗಿಂತ ಜೋರಾಗಿ ಮರಳಿ ಬಂದರೆ, ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಸೋಂಕು ಸೇರಿರಬಹುದು. ಫ್ಲೂ ಮರುಕಳಿಸಿತು, ತಾನೇ ಹೋಗುತ್ತದೆ ಎಂದು ಸುಮ್ಮನಿರಬೇಡಿ. ಒಬ್ಬರೇ ವಾಸಿಸುವವರು ಜ್ವರ ಬಂದ ದಿನವೇ ಯಾರಿಗಾದರೂ ತಿಳಿಸಿಡಿ, ದಿನಕ್ಕೆರಡು ಸಲ ಫೋನ್ ಮಾಡಿ ವಿಚಾರಿಸಲು ಹೇಳಿ.

ನಾನು ಬಾರದಿದ್ದರೆ ಕೆಲಸ ನಿಲ್ಲುತ್ತದೆ. ಮನೆಯಿಂದಲೇ ಮಾಡಲೇ?

ಜ್ವರವಿರುವ ದಿನಗಳಲ್ಲಿ ಅದೂ ಬೇಡ. ಜ್ವರದಲ್ಲಿ ಮಾಡಿದ ಲೆಕ್ಕವನ್ನು ಆಮೇಲೆ ಇನ್ನೊಬ್ಬರು ಕುಳಿತು ತಿದ್ದಬೇಕಾಗುತ್ತದೆ. ಜ್ವರ ಬಿಟ್ಟು 24 ಗಂಟೆ ಕಾಯುವ ದಿನ ಮೈ ಒಗ್ಗಿದರೆ ಸ್ವಲ್ಪ ಮಾಡಬಹುದು, ಕಡ್ಡಾಯವಿಲ್ಲ.

ಈ ಪ್ರಶ್ನೆಯ ನಿಜವಾದ ಉತ್ತರ ಮೇಲ್ವಿಚಾರಕರ ಕೈಯಲ್ಲಿದೆ. ಒಬ್ಬರು ನಾಲ್ಕು ದಿನ ಇಲ್ಲದಿದ್ದರೆ ಅವರ ಯಾವ ಕೆಲಸ ನಿಲ್ಲುತ್ತದೆ, ಅದನ್ನು ಮಾಡಬಲ್ಲ ಇನ್ನೊಬ್ಬರು ಯಾರು ಎಂಬ ಪಟ್ಟಿ ಫ್ಲೂ ಕಾಲಕ್ಕೆ ಮುನ್ನವೇ ಸಿದ್ಧವಿರಲಿ. ಇನ್ನು, ಕೆಮ್ಮುತ್ತಲೇ ಬಂದು ಕುಳಿತ ಮೇಲ್ವಿಚಾರಕರನ್ನು ಕಂಡ ಮೇಲೆ ಯಾವ ಕಿರಿಯರಿಗೆ ರಜೆ ಕೇಳುವ ಧೈರ್ಯ ಬರುತ್ತದೆ? ಹಿರಿಯರು ಮೊದಲು ಮನೆಯಲ್ಲಿ ಉಳಿಯಬೇಕು.

ವೈದ್ಯರ ಪ್ರಮಾಣಪತ್ರ ತರಬೇಕೇ?

ಮೊದಲ ಮೂರು ದಿನಕ್ಕೆ ಬೇಡ. ಪತ್ರಕ್ಕಾಗಿಯೇ ಜ್ವರದಲ್ಲಿ ಎದ್ದು ಕ್ಲಿನಿಕ್ಕಿನ ಸಾಲಿನಲ್ಲಿ ಕುಳಿತರೆ ನಿಮಗೂ ಸಂಕಟ, ಅಲ್ಲಿರುವ ವೃದ್ಧರಿಗೂ ಮಕ್ಕಳಿಗೂ ಅಪಾಯ. ಮೂರು ದಿನ ಮೀರಿದರೆ ಹೇಗೂ ವೈದ್ಯರಿಗೆ ತೋರಿಸುವುದು ಒಳ್ಳೆಯದು, ಆಗ ತೆಗೆದುಕೊಳ್ಳಿ.

ರಜೆ ತಿಳಿಸುವಾಗ ಏನೇನು ಬರೆಯಬೇಕು?

ಬೆಳಗ್ಗೆ ಕೆಲಸದ ಹೊತ್ತಿಗೆ ಮುನ್ನ ನಿಮ್ಮ ಮೇಲ್ವಿಚಾರಕರಿಗೆ ಒಂದು ಸಂದೇಶ ಸಾಕು. ಲಕ್ಷಣ ಶುರುವಾದ ದಿನ ಮತ್ತು ಹೊತ್ತು, ಅದಕ್ಕೆ ಹಿಂದಿನ 24 ಗಂಟೆಯಲ್ಲಿ ಕಚೇರಿಯಲ್ಲಿ ಯಾರ ಜೊತೆ ಹತ್ತಿರ ಕುಳಿತಿದ್ದಿರಿ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಇಷ್ಟಿರಲಿ. ಉದಾಹರಣೆಗೆ: “ನಿನ್ನೆ ಮಂಗಳವಾರ ಸಂಜೆ ಆರರಿಂದ ಚಳಿ, ರಾತ್ರಿ 102 ಜ್ವರ. ನಿನ್ನೆ ಬೆಳಗಿನ ಮೀಟಿಂಗ್‌ನಲ್ಲಿ ಇದ್ದೆ. ಬಿಲ್ಲುಗಳ ಕಡತ ನನ್ನ ಮೇಜಿನ ಎಡಗಡೆಯ ಡ್ರಾಯರ್‌ನಲ್ಲಿದೆ. ಜ್ವರ ಬಿಟ್ಟ ದಿನ ತಿಳಿಸುತ್ತೇನೆ.” ಬರುವ ದಿನಾಂಕವನ್ನು ಮೊದಲೇ ಹೇಳಬೇಕಿಲ್ಲ, ಯಾರೂ ಕೇಳುವುದೂ ಇಲ್ಲ. ಮೀಟಿಂಗ್‌ನಲ್ಲಿದ್ದವರಿಗೆ ನಿಮ್ಮ ಹೆಸರು ಹೇಳದೆ, ಜ್ವರ ನೋಡಿಕೊಳ್ಳಿ ಎಂದಷ್ಟೇ ನಾವು ತಿಳಿಸುತ್ತೇವೆ.